ರಂಗನಾಥ ರೆಡ್ಡಿ ತೀರ್ಪಿನ ಸಾರಾಂಶದಲ್ಲಿ ರೇಶಿಯೊ ಯಾವುದು?

ಉಡುಪಿ ಜೂನಿಯರ್: ಕರ್ನಾಟಕ ಸರ್ಕಾರ ಮತ್ತು ರಂಗನಾಥ ರೆಡ್ಡಿ, ಸುಪ್ರೀಂ ಕೋರ್ಟು, 1977. ಖಾಸಗಿ ವಾಹನಗಳನ್ನು ಸರ್ಕಾರ ವಶಕ್ಕೆ ತೆಗೆದುಕೊಂಡ ಕಾಯ್ದೆಯ ಕೇಸು. ಏಳು ನ್ಯಾಯಮೂರ್ತಿಗಳು, ಎರಡು ತೀರ್ಪು, ಫಲಿತಾಂಶ ಒಂದೇ. ಸೀನಿಯರಿಗೆ ಎರಡು ಪುಟದ ಸಾರಾಂಶ ಬೇಕಂತೆ. ಸಮುದಾಯದ ಭೌತಿಕ ಸಂಪನ್ಮೂಲದ ಹಂಚಿಕೆ ಬಗ್ಗೆ ಹೇಳುವ ಸಂವಿಧಾನದ 39(ಬಿ) ವಿಧಿಯ ಬಗ್ಗೆ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಬರೆದದ್ದನ್ನು ರೇಶಿಯೊ, ಅಂದರೆ ತೀರ್ಪು ನಿಂತಿರುವ, ಮುಂದೆ ಬದ್ಧವಾಗುವ ಕಾರಣ ಅಂತ ಹಾಕುವುದಾ, ಒಬಿಟರ್, ಅಂದರೆ ಬದ್ಧವಲ್ಲದ ಪ್ರಾಸಂಗಿಕ ಮಾತು ಅಂತ ಹಾಕುವುದಾ?

ಫೈನಲ್ ಇಯರ್, ಕದ್ರಿ: ಇದರಲ್ಲಿ ಡೌಟ್ ಎಂತದು? ಏಳೂ ಜನ ಕಾಯ್ದೆ ಸರಿ ಅಂದಿದ್ದಾರೆ, ಭಿನ್ನಮತವೇ ಇಲ್ಲ. ಎಲ್ಲರ ಸಹಮತ ಇದ್ದ ಮೇಲೆ ಎರಡೂ ರೇಶಿಯೊ. 1982ರಲ್ಲಿ ಸಂಜೀವ್ ಕೋಕ್ ಕೇಸಿನ ಐವರ ಪೀಠ ಕೃಷ್ಣ ಅಯ್ಯರ್ ಮಾತನ್ನೇ ಆಧಾರ ಮಾಡಿಕೊಂಡಿತು.

ಕೊಡಿಯಾಲ್‌ಬೈಲ್ ವಕೀಲ: "ಎಲ್ಲರ ಸಹಮತ" ಅಂದಿರಲ್ಲ, ಯಾವುದಕ್ಕೆ? ಕಾಯ್ದೆ ಉಳಿಯಬೇಕು ಎಂಬುದಕ್ಕೆ ಏಳು ಜನ. ಯಾಕೆ ಉಳಿಯಬೇಕು ಎಂಬುದಕ್ಕೆ ಹಾಗಲ್ಲ. ಉಂಟವಾಲಿಯಾ ನಾಲ್ವರ ಪರವಾಗಿ ಬರೆದರು. ಸಾರ್ವಜನಿಕ ಉದ್ದೇಶ ಉಂಟು, ಪರಿಹಾರ ಬರೀ ತೋರಿಕೆಯದ್ದಲ್ಲ, ಹಾಗಾಗಿ ಕಾಯ್ದೆ ನಿಲ್ಲುತ್ತದೆ ಅಂದರು. ಖಾಸಗಿ ಸ್ವತ್ತೂ "ಸಮುದಾಯದ ಭೌತಿಕ ಸಂಪನ್ಮೂಲ" ಅಂತ ಬರೆದದ್ದು ಕೃಷ್ಣ ಅಯ್ಯರ್, ಮೂವರ ಪರವಾಗಿ. ಅವರು ಹೇಳಿದ್ದಕ್ಕೆಲ್ಲ ನಮ್ಮ ಒಪ್ಪಿಗೆ ಉಂಟೆಂದು ತಿಳಿಯಬೇಡಿ ಅಂತ ಉಂಟವಾಲಿಯಾ ಸ್ಪಷ್ಟವಾಗಿ ಬರೆದಿಟ್ಟಿದ್ದಾರೆ. ಹೆಡ್‌ನೋಟ್ ಓದಿ ಬಿಟ್ಟವರಿಗೆ ಆ ಸಾಲು ಕಾಣುವುದಿಲ್ಲ.

ಲೈನ್ ಬಸ್ಸಿನವ, ಕಾಪು: "ಸಾರ್ವಜನಿಕ ಉದ್ದೇಶ" ಅಂತೆ! ಖಾಸಗಿ ಬಸ್ಸೆಲ್ಲ ಸರ್ಕಾರ ನುಂಗಿದ ಕೇಸ್ ಅಲ್ವಾ ಇದು? ನಮ್ಮ ಅಪ್ಪನಿಗೆ ಎರಡು ಬಸ್ಸಿತ್ತು. ಆ ಸಂಕಟ ನಿಮಗೆಂತ ಗೊತ್ತು?

ಫೈನಲ್ ಇಯರ್, ಕದ್ರಿ: ಬಸ್ಸೆಲ್ಲ ನುಂಗಿದ್ದರೆ ಇವತ್ತು ಮಂಗಳೂರು-ಉಡುಪಿ ಮಧ್ಯೆ ಓಡುವುದು ಯಾರ ಬಸ್ಸು?

ಲೈನ್ ಬಸ್ಸಿನವ, ಕಾಪು: ನಂಗೆ ಬಸ್ಸಿನ ಪಾಠ ಮಾಡ್ಬೇಡ ಮಾರಾಯ. ನಾನು ಹುಟ್ಟಿದ್ದೇ ಗ್ಯಾರೇಜಿನ ಪಕ್ಕ.

ಕೊಡಿಯಾಲ್‌ಬೈಲ್ ವಕೀಲ: 1976ರ ಕಾಯ್ದೆ ಇದ್ದದ್ದು ಕಾಂಟ್ರಾಕ್ಟ್ ಕ್ಯಾರೇಜಿಗೆ. ಇಡೀ ಗಾಡಿ ಒಬ್ಬರಿಗೇ ಬಾಡಿಗೆ ಹೋಗುವಂಥದ್ದು. ಸ್ಟಾಪು ಸ್ಟಾಪಿಗೆ ಜನ ಹತ್ತಿಸಿ ಟಿಕೆಟ್ ಹರಿಯುವ ನಮ್ಮ ಸರ್ವಿಸ್ ಬಸ್ಸು ಸ್ಟೇಜ್ ಕ್ಯಾರೇಜ್. ಅದು ಈ ಕೇಸಿನಲ್ಲಿ ಇರಲಿಲ್ಲ.

ಲೈನ್ ಬಸ್ಸಿನವ, ಕಾಪು: ಮದುವೆ ದಿಬ್ಬಣಕ್ಕೆ ಅದೇ ಲೈನ್ ಬಸ್ಸು ಹೋಗ್ತಿತ್ತು. ಆಗ ಅದು ಯಾವುದು?

ಫೈನಲ್ ಇಯರ್, ಕದ್ರಿ: ಪರ್ಮಿಟ್ ನೋಡಿ ಹೇಳುವುದು, ದಿಬ್ಬಣ ನೋಡಿ ಅಲ್ಲ.

ಲೈನ್ ಬಸ್ಸಿನವ, ಕಾಪು: ಪರ್ಮಿಟ್ ಕಾಗದ ಕೈಯಲ್ಲಿ ಹಿಡಿದು ನೋಡಿದ್ದೀಯಾ ಒಮ್ಮೆಯಾದರೂ? ಅಪ್ಪನದ್ದು ಎರಡೂ ನಮೂನೆ ಇತ್ತು. ಹೋದದ್ದು ಒಂದು.

ಫೈನಲ್ ಇಯರ್, ಕದ್ರಿ: ಹಾಗಾದರೆ "ಎಲ್ಲ" ಹೋಗಲಿಲ್ಲ. ಮೊದಲು ಬರೆದದ್ದು ತಪ್ಪು ಅಂತ ಹಾಕಿ.

ಲೈನ್ ಬಸ್ಸಿನವ, ಕಾಪು: ಹೋದದ್ದು ನಿನ್ನ ಮನೆಯದ್ದಾಗಿದ್ದರೆ ಆ ಮಾತು ಬರ್ತಿರಲಿಲ್ಲ.

ಉಡುಪಿ ಜೂನಿಯರ್: ದಯವಿಟ್ಟು ತೀರ್ಪಿಗೆ ಬನ್ನಿ. ನಾಳೆ ಬೆಳಿಗ್ಗೆ ಕೊಡಬೇಕು.

ಕುಂದಾಪುರ ನಿವೃತ್ತ: ಸರಳ ಉಂಟು ತಂಗಿ. ಬಹುಮತದಲ್ಲಿ ಇದ್ದದ್ದೆಲ್ಲ ರೇಶಿಯೊ, ಉಳಿದದ್ದೆಲ್ಲ ಒಬಿಟರ್.

ಕೊಡಿಯಾಲ್‌ಬೈಲ್ ವಕೀಲ: "ಬಹುಮತದಲ್ಲಿ ಇದ್ದದ್ದೆಲ್ಲ" ಹೇಗಾಗುತ್ತದೆ ಸರ್? 1996ರ ಮಫತ್‌ಲಾಲ್ ಒಂಬತ್ತು ಜನರ ಪೀಠ. ಅದರ ಬಹುಮತದ ತೀರ್ಪಿನಲ್ಲೇ 39(ಬಿ) ಬಗ್ಗೆ ಒಂದು ವಾಕ್ಯ ಬಂದಿತ್ತು. ಕೇಸು ತೆರಿಗೆ ಮರುಪಾವತಿಯದ್ದು. ಆ ವಾಕ್ಯ ಕಿತ್ತು ಹಾಕಿದರೂ ತೀರ್ಪು ಅಲ್ಲಾಡುವುದಿಲ್ಲ, ಹಾಗಾಗಿ ರೇಶಿಯೊ ಅಲ್ಲ. 5 ನವೆಂಬರ್ 2024ರ ಪ್ರಾಪರ್ಟಿ ಓನರ್ಸ್ ತೀರ್ಪಿನಲ್ಲಿ ಏಳು ಜನರ ಬಹುಮತ ಅದನ್ನು ಹೇಳಿತು. ಸಂಜೀವ್ ಕೋಕ್ ಪೀಠ ಅಲ್ಪಮತವನ್ನು ಆಧಾರ ಮಾಡಿಕೊಂಡದ್ದು ತಪ್ಪು ಅಂತಲೂ ಹೇಳಿತು.

ತಂಗಿ, ಕಾಗದದಲ್ಲಿ ಗೆರೆ ಎಳೆಯಿರಿ. ಎಡಕ್ಕೆ ಒಂದೊಂದೇ ಪ್ರಶ್ನೆ: ಸಾರ್ವಜನಿಕ ಉದ್ದೇಶ, ಪರಿಹಾರ, 39(ಬಿ). ಪ್ರತಿ ಪ್ರಶ್ನೆಯ ಮುಂದೆ ಅದೇ ಕಾರಣಕ್ಕೆ ಸಹಿ ಹಾಕಿದವರು ಎಷ್ಟು ಜನ ಅಂತ ಎಣಿಸಿ. 39(ಬಿ)ಯ ಮುಂದೆ ಮೂರು ದಾಟುವುದಿಲ್ಲ. ಏಳರಲ್ಲಿ ನಾಲ್ಕಾದರೂ ಬೇಕು.

ಕುಂದಾಪುರ ನಿವೃತ್ತ: "ಕಿತ್ತು ಹಾಕಿದರೂ" ಅಂದಿರಿ. ಒಂದೇ ಫಲಿತಾಂಶಕ್ಕೆ ನಾಲ್ವರೂ ಎರಡು ಬೇರೆ ಬೇರೆ ಕಾರಣ ಕೊಟ್ಟಿದ್ದರೆ? ಯಾವುದನ್ನು ಕಿತ್ತರೂ ತೀರ್ಪು ನಿಲ್ಲುತ್ತದೆ. ಆಗ ಎರಡೂ ಒಬಿಟರಾ? ಕೋರ್ಟು ಹಾಗೆ ನೋಡುವುದಿಲ್ಲ.

ಕೊಡಿಯಾಲ್‌ಬೈಲ್ ವಕೀಲ: ಅಲ್ಲಿ ನನ್ನ ಪರೀಕ್ಷೆ ಸೋಲುತ್ತದೆ, ನಿಜ. ಆದರೆ ಇಲ್ಲಿರುವುದು ಒಂದೇ ಪೀಠದ ಎರಡು ಗುಂಪು.

ಫೈನಲ್ ಇಯರ್, ಕದ್ರಿ: 2024ರ ತನಕ, ಹತ್ತಿರ ಹತ್ತಿರ ನಲವತ್ತೆರಡು ವರ್ಷ, ಸಂಜೀವ್ ಕೋಕ್ ಐವರ ಪೀಠದ ತೀರ್ಪಾಗಿಯೇ ನಿಂತಿತ್ತಲ್ಲ? ಅಷ್ಟು ಕಾಲ ಹೈಕೋರ್ಟುಗಳು ಪಾಲಿಸಬೇಕಾಗಿದ್ದದ್ದು ಯಾವುದನ್ನು? ಸುಪ್ರೀಂ ಕೋರ್ಟಿನ ಒಬಿಟರನ್ನೂ ಹೈಕೋರ್ಟು ಹಗುರವಾಗಿ ಬದಿಗಿಡುವುದಿಲ್ಲ.

ಕೊಡಿಯಾಲ್‌ಬೈಲ್ ವಕೀಲ: ಸಂಜೀವ್ ಕೋಕನ್ನು. ಅದರಿಂದ 1977ರ ಮೂವರು ನಾಲ್ವರಾಗುವುದಿಲ್ಲ.

ಲೈನ್ ಬಸ್ಸಿನವ, ಕಾಪು: ಪರಿಹಾರ ತೋರಿಕೆಯದ್ದಲ್ಲ ಅಂತ ಬರೆದ ನಾಲ್ವರಲ್ಲಿ ಯಾರಾದರೂ ಅಪ್ಪನಿಗೆ ಸಿಕ್ಕಿದ ಮೊತ್ತ ನೋಡಿದ್ದಾರಾ?

ಉಡುಪಿ ಜೂನಿಯರ್: ಹೀಗೆ ಬರೆದಿದ್ದೇನೆ: "ಕಾಯ್ದೆ ಊರ್ಜಿತ, 7-0. ಸಾರ್ವಜನಿಕ ಉದ್ದೇಶ ಮತ್ತು ಪರಿಹಾರದ ಕಾರಣ, ನಾಲ್ವರ ತೀರ್ಪು, ಬದ್ಧ. 39(ಬಿ), ಮೂವರ ಅಭಿಪ್ರಾಯ, ನಾಲ್ವರು ಒಪ್ಪಿಗೆ ಕೊಟ್ಟಿಲ್ಲ. ಸಂಜೀವ್ ಕೋಕ್ ಇದನ್ನು ಆಧಾರ ಮಾಡಿಕೊಂಡದ್ದು ತಪ್ಪೆಂದು 2024ರ ಬಹುಮತ." ಮೂವರದ್ದಕ್ಕೆ ಒಬಿಟರ್ ಅಂತ ಹೆಸರು ಹಾಕಲಿಲ್ಲ.

ಫೈನಲ್ ಇಯರ್, ಕದ್ರಿ: ಹಾಕದೆ ಇದ್ದದ್ದು ಸರಿ. ಅದು ಒಬಿಟರ್ ಅಲ್ಲ ಅಂತ ನಾನು ಮೊದಲೇ ಹೇಳಿದ್ದೆ.

ಕೊಡಿಯಾಲ್‌ಬೈಲ್ ವಕೀಲ: ನೀವು ಹೇಳಿದ್ದು ರೇಶಿಯೊ ಅಂತ. ಮೇಲೆ ಹೋಗಿ ಓದಿ.