ಅಮ್ಮನ ಫೋನ್, ಮನೆಯ ಟಿವಿ: ಮಗುವಿನ ಯೂಟ್ಯೂಬ್‌ಗೆ ಬೀಗ ಎಲ್ಲಿ ಹಾಕಬೇಕು?

ಸವಿತಾ, ತೀರ್ಥಹಳ್ಳಿ ಹತ್ತಿರ: ಮಗನಿಗೆ 8 ವರ್ಷ. ಅಡಿಕೆ ಸುಲಿಯುವ ಹೊತ್ತಿನಲ್ಲಿ ನನ್ನ ಫೋನ್ ಕೊಟ್ಟು ಕೂರಿಸುತ್ತೇನೆ. ಯೂಟ್ಯೂಬ್‌ನಲ್ಲಿ ದೊಡ್ಡವರ ವಿಡಿಯೋ ಸೋಸುವ ರಿಸ್ಟ್ರಿಕ್ಟೆಡ್ ಮೋಡ್ ಆನ್ ಮಾಡಿದ್ದೆ. ಆದ್ರೂ ಮೊನ್ನೆ ಕಾರ್ಟೂನ್‌ಗೆ ಕನ್ನಡದಲ್ಲಿ ಕೆಟ್ಟ ಬೈಗುಳ ಡಬ್ ಮಾಡಿದ ವಿಡಿಯೋ ನೋಡುತ್ತಿದ್ದ. ಟಿವಿಯಲ್ಲಂತೂ ಫೋನ್‌ನಲ್ಲಿ ಮೋಡ್ ಹಾಕಿದ್ದಕ್ಕೆ ಲೆಕ್ಕವೇ ಇಲ್ಲ, ಎಲ್ಲಾ ಬರುತ್ತದೆ. ನಾನು ಎಲ್ಲಿ ತಪ್ಪಿದ್ದೇನೆ?

ಪ್ರಸನ್ನ, ಶಿವಮೊಗ್ಗ (ಶಾಲೆಗಳ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವರು): ಸವಿತಾ ಅವರೇ, ಮೊದಲು ಟಿವಿ ವಿಷಯ. ಫೋನ್‌ನಲ್ಲಿ ಹಾಕಿದ ರಿಸ್ಟ್ರಿಕ್ಟೆಡ್ ಮೋಡ್ ಆ ಫೋನ್‌ಗೆ ಮಾತ್ರ. ಟಿವಿಯಲ್ಲೂ ನಿಮ್ಮದೇ ಜಿಮೇಲ್ ಇದ್ದರೂ ಅದು ತಾನಾಗಿ ಅಲ್ಲಿಗೆ ಹೋಗುವುದಿಲ್ಲ. ಟಿವಿಯ ಯೂಟ್ಯೂಬ್ ತೆರೆದು, ಸೆಟ್ಟಿಂಗ್ಸ್‌ನಲ್ಲಿ Restricted Mode ಅನ್ನು ಬೇರೆಯಾಗಿ ಆನ್ ಮಾಡಬೇಕು. ಲ್ಯಾಪ್‌ಟಾಪ್ ಇದ್ದರೆ ಅದರ ಒಂದೊಂದು ಬ್ರೌಸರ್‌ನಲ್ಲೂ ಬೇರೆ ಬೇರೆ. ಆನ್ ಆಗಿದೆಯಾ ಅಂತ ತಿಳಿಯುವುದು ಸುಲಭ. ಯಾವುದಾದರೂ ಜನಪ್ರಿಯ ಹಾಡು ತೆರೆದು ಕೆಳಗೆ ನೋಡಿ. ಮೋಡ್ ಆನ್ ಇದ್ದರೆ ಕಮೆಂಟ್ ಒಂದೂ ಕಾಣುವುದಿಲ್ಲ.

ಇನ್ನು ಬೈಗುಳದ ಕಾರ್ಟೂನ್. ಈ ಮೋಡ್ ವಿಡಿಯೋದ ಶೀರ್ಷಿಕೆ, ವಿವರಣೆ, ವಯಸ್ಸಿನ ನಿರ್ಬಂಧ ಇಂಥವನ್ನು ನೋಡಿ ಸೋಸುತ್ತದೆ. ಜರಡಿಯ ಹಾಗೆ, ಸಣ್ಣದು ಕೆಳಗೆ ಇಳಿದೇ ಇಳಿಯುತ್ತದೆ. ಶೀರ್ಷಿಕೆಯಲ್ಲಿ ‘ಕಾರ್ಟೂನ್ ಕಾಮಿಡಿ’ ಅಂತ ಇದೆ, ಚಿತ್ರದಲ್ಲಿ ಬೆಕ್ಕು, ಇಲಿ. ಕೊಳಕು ಇರುವುದು ಮಾತಿನಲ್ಲಿ ಮಾತ್ರ, ಅದೂ ನಮ್ಮ ಕಡೆಯ ಆಡುಮಾತಿನಲ್ಲಿ. ಎಲ್ಲ ಭಾಷೆಯಲ್ಲೂ ಇದು ಒಂದೇ ಥರ ಸೋಸುವುದಿಲ್ಲ ಎಂದು ಯೂಟ್ಯೂಬ್ ಕೂಡ ಹೇಳುತ್ತದೆ. ಜೊತೆಗೆ ಮೋಡ್‌ಗೆ ಬೀಗ ಇಲ್ಲ. ಪ್ರೊಫೈಲ್ ಚಿತ್ರ ಒತ್ತಿ ಸೆಟ್ಟಿಂಗ್ಸ್‌ಗೆ ಹೋದರೆ ಹುಡುಗನೇ ಆಫ್ ಮಾಡಬಹುದು. ಹಾಗಾಗಿ 8 ವರ್ಷದ ಮಗುವಿಗೆ ಇದೊಂದನ್ನೇ ನಂಬಬೇಡಿ.

ನಾಗರಾಜ, ಸಾಗರ: ಇಷ್ಟೆಲ್ಲ ಯಾಕೆ? ಹುಡುಗನಿಗೆ ಬೇರೆ ಜಿಮೇಲ್ ಮಾಡಿಕೊಡಿ, ಮುಗೀತು. ನನ್ನ ಮಗನಿಗೆ 11. ಮೊಬೈಲ್ ಅಂಗಡಿಯಲ್ಲೇ ಐದು ನಿಮಿಷದಲ್ಲಿ ಮಾಡಿಕೊಟ್ಟರು.

ಪ್ರಸನ್ನ: ಬೇರೆ ಖಾತೆ ಬೇಕು ಅನ್ನುವುದು ಸರಿ, ನಾಗರಾಜಣ್ಣ. ಆದರೆ ಹುಟ್ಟಿದ ವರ್ಷ ಏನು ಹಾಕಿದರು ಅಂತ ನೋಡಿ.

ನಾಗರಾಜ: ಈಗ ನೋಡಿದೆ. 2000 ಅಂತ ಇದೆ.

ಪ್ರಸನ್ನ: ಹಾಗಾದರೆ ಗೂಗಲ್ ಲೆಕ್ಕದಲ್ಲಿ ಅವನು ದೊಡ್ಡವನು. 18 ಮೇಲ್ಪಟ್ಟವರ ವಿಡಿಯೋಗಳಿಗೂ ಅಡ್ಡಿ ಇಲ್ಲ. ಆ ಖಾತೆಯನ್ನು ಅವನ ಫೋನ್‌ನಿಂದ ತೆಗೆಯಿರಿ. ನಿಮ್ಮ ಫೋನ್‌ನಲ್ಲಿ, ಮಗುವಿನ ಖಾತೆ ಕಾಯುವ ಗೂಗಲ್‌ನ ಫ್ಯಾಮಿಲಿ ಲಿಂಕ್ ಆ್ಯಪ್ ಹಾಕಿ, ಸರಿಯಾದ ಹುಟ್ಟಿದ ದಿನ ಕೊಟ್ಟು, ಅದರ ಮೂಲಕವೇ ಹೊಸ ಖಾತೆ ಮಾಡಿ. ಫ್ಯಾಮಿಲಿ ಲಿಂಕ್‌ನ ಯೂಟ್ಯೂಬ್ ಸೆಟ್ಟಿಂಗ್‌ನಲ್ಲಿ ಮೂರು ಹಂತ ಇವೆ. Explore ಅಂದರೆ ಸುಮಾರು 9 ವರ್ಷದ ಮೇಲಿನವರಿಗೆ, Explore More 13ರ ಮೇಲಿನವರಿಗೆ. Most of YouTube ಅಂದರೆ 18+ ಬಿಟ್ಟು ಹೆಚ್ಚುಕಮ್ಮಿ ಎಲ್ಲವೂ. ನಿಮ್ಮ ಮಗನಿಗೆ Explore ಸಾಕು. ಅದರಲ್ಲೂ ಒಮ್ಮೊಮ್ಮೆ ಬೇಡದ್ದು ನುಸುಳುತ್ತದೆ. ಆಗ ಆ ಚಾನೆಲ್ ಅನ್ನು ನಿಮ್ಮ ಕಡೆಯಿಂದಲೇ ಬ್ಲಾಕ್ ಮಾಡಬಹುದು. ಆಟೋಪ್ಲೇ ಕೂಡ ಅಲ್ಲೇ ನಿಲ್ಲಿಸಿ. ಮುಖ್ಯವಾಗಿ, ಅವನ ಫೋನ್‌ನಲ್ಲಿ ನಿಮ್ಮ ಖಾತೆ ಇರಬಾರದು.

ಸವಿತಾ: ನಮ್ಮಲ್ಲಿ ಅವನಿಗೆ ಬೇರೆ ಫೋನ್ ಇಲ್ಲ. ಕೊಡಿಸುವ ಯೋಚನೆಯೂ ಇಲ್ಲ. ಅದೇ ಫೋನ್‌ಗೆ ಅವರ ಅಪ್ಪನೂ ಫೋನ್ ಮಾಡುತ್ತಾರೆ, ಅಡಿಕೆ ದರವೂ ನೋಡುತ್ತೇವೆ.

ಪ್ರಸನ್ನ: ಆಗ ಫ್ಯಾಮಿಲಿ ಲಿಂಕ್ ನಿಮಗೆ ಅಷ್ಟು ಹೊಂದುವುದಿಲ್ಲ. ಅದು ಮಗುವಿನ ಖಾತೆಯನ್ನು ಕಾಯುತ್ತದೆ, ನಿಮ್ಮ ಖಾತೆಯನ್ನಲ್ಲ. ನಿಮ್ಮಂಥ ಮನೆಗಳಿಗೆ ನಾನು ಹೇಳುವುದು ಯೂಟ್ಯೂಬ್ ಕಿಡ್ಸ್, ಮಕ್ಕಳಿಗೆಂದೇ ಇರುವ ಬೇರೆ ಆ್ಯಪ್. ಅದಕ್ಕೆ ಮಗುವಿನ ಜಿಮೇಲ್ ಬೇಡ. ನಿಮ್ಮ ಖಾತೆಯಲ್ಲೇ ಲಾಗಿನ್ ಆಗಿ ಅವನ ಹೆಸರಿನ ಪ್ರೊಫೈಲ್ ಮಾಡಿ.

ಆ್ಯಪ್‌ನ ಕೆಳಗಿನ ಮೂಲೆಯಲ್ಲಿ ಬೀಗದ ಚಿತ್ರ ಇದೆ. ಒತ್ತಿದರೆ ಗುಣಾಕಾರದ ಲೆಕ್ಕ ಕೇಳುತ್ತದೆ. ಮಗ್ಗಿ ಬರುವ ಹುಡುಗನಿಗೆ ಅದು ಬೀಗವೇ ಅಲ್ಲ. ಅಲ್ಲೇ ನಿಮ್ಮದೇ ಪಾಸ್‌ಕೋಡ್ ಇಡುವ ಅವಕಾಶ ಇದೆ, ಮೊದಲು ಅದನ್ನು ಮಾಡಿ. ಫೋನ್ ತೆರೆಯುವ ಪಿನ್ ಅವನಿಗೆ ಗೊತ್ತಿರುತ್ತದೆ ಅಲ್ವಾ, ಅದನ್ನೇ ಇಡಬೇಡಿ. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಅವನ ಪ್ರೊಫೈಲ್ ತೆರೆದು Approve content yourself ಆರಿಸಿ. ಈಗ ನೀವು ಪ್ಲಸ್ ಒತ್ತಿ ಒಪ್ಪಿದ ವಿಡಿಯೋ, ಚಾನೆಲ್ ಮಾತ್ರ ಅವನಿಗೆ ಕಾಣುತ್ತವೆ. ಹುಡುಕುವ ಜಾಗವೂ ಮಾಯ. 5–8 ವಯಸ್ಸಿನ ಸಿದ್ಧ ಆಯ್ಕೆಯೂ ಇದೆ, ಅದರಲ್ಲಿ ಆರಿಸುವ ಕೆಲಸ ಇಲ್ಲ. ಆದರೆ ಅದನ್ನೂ ಯಂತ್ರವೇ ಹೆಚ್ಚಾಗಿ ಸೋಸುವುದು. ಬೈಗುಳ ಒಮ್ಮೆ ಕಿವಿಗೆ ಬಿದ್ದ ಮೇಲೆ ನಾನಾಗಿದ್ದರೆ ಕೈಯಾರೆ ಆರಿಸಿದ್ದನ್ನೇ ಕೊಡುತ್ತಿದ್ದೆ. ಒಂದು ಸಂಜೆ ಕೂತು ಹತ್ತಿಪ್ಪತ್ತು ಆರಿಸಿಡಿ. ಚಾನೆಲ್ ಒಪ್ಪುವ ಮೊದಲು ಅದರ ನಾಲ್ಕೈದು ವಿಡಿಯೋ ಧ್ವನಿ ಇಟ್ಟು ಕೇಳಿ, ಬರೀ ಚಿತ್ರ ನೋಡಿ ಒಪ್ಪಬೇಡಿ.

ಉಳಿದದ್ದು ಒಂದೇ ತೂತು. ಅವನು ಕಿಡ್ಸ್ ಮುಚ್ಚಿ ಪಕ್ಕದ ಯೂಟ್ಯೂಬ್ ಒತ್ತಬಹುದು. ಆಂಡ್ರಾಯ್ಡ್ ಫೋನ್ ಆದರೆ ಸೆಟ್ಟಿಂಗ್ಸ್‌ನ ಹುಡುಕುವ ಜಾಗದಲ್ಲಿ pin ಅಂತ ಟೈಪ್ ಮಾಡಿ. ಕಂಪನಿಯಿಂದ ಕಂಪನಿಗೆ ಹೆಸರು ಸ್ವಲ್ಪ ಬೇರೆ, App pinning ಅಥವಾ Screen pinning ಅಂತ ಇರುತ್ತದೆ. ಇದು ಫೋನ್ ಅನ್ನು ಒಂದೇ ಆ್ಯಪ್‌ನಲ್ಲಿ ಕಟ್ಟಿಹಾಕುತ್ತದೆ. ಆನ್ ಮಾಡಿ, ಬಿಡಿಸುವ ಮೊದಲು ಪಿನ್ ಕೇಳಬೇಕು ಅನ್ನುವುದನ್ನೂ ಆನ್ ಮಾಡಿ. ಕಿಡ್ಸ್ ತೆರೆದು, ಇತ್ತೀಚಿನ ಆ್ಯಪ್‌ಗಳ ಪರದೆಗೆ ಹೋಗಿ, ಅದರ ಐಕಾನ್ ಒತ್ತಿ ಪಿನ್ ಮಾಡಿ ಕೊಡಿ. ಇಲ್ಲಿ ಕೇಳುವುದು ಫೋನ್‌ನ ಪಿನ್. ಅದು ಅವನಿಗೆ ಗೊತ್ತಿದ್ದರೆ ಇವತ್ತೇ ಬದಲಾಯಿಸಿ, ಇಲ್ಲದಿದ್ದರೆ ಇದೆಲ್ಲ ವ್ಯರ್ಥ.

ಶೈಲಜಾ, ಹೊಸನಗರ: ನನ್ನ ಮಗಳಿಗೆ 14. ಅವಳ ಫೋನ್‌ನಲ್ಲೂ ಕಿಡ್ಸ್ ಹಾಕಿ ಪಿನ್ ಮಾಡಿದರೆ ಆಯ್ತಾ? ಅವಳು ಏನು ನೋಡುತ್ತಾಳೆ ಅಂತ ನನಗೆ ಪೂರ್ತಿ ಗೊತ್ತಾಗಬೇಕು.

ಪ್ರಸನ್ನ: ಇಲ್ಲ ಅಕ್ಕ, ಕಿಡ್ಸ್ ಇರುವುದು 12ರವರೆಗಿನವರಿಗೆ. 13 ದಾಟಿದವರಿಗೆ ಯೂಟ್ಯೂಬ್‌ನ ಫ್ಯಾಮಿಲಿ ಸೆಂಟರ್‌ನಲ್ಲಿ ಅಮ್ಮನ ಖಾತೆ, ಮಗಳ ಖಾತೆ ಜೋಡಿಸಬಹುದು. ಇಬ್ಬರೂ ಒಪ್ಪಬೇಕು, ಯಾರು ಬೇಕಾದರೂ ಬಿಡಿಸಬಹುದು. ಅದರಲ್ಲಿ ಅವಳು ಹಾಕಿದ ವಿಡಿಯೋ, ಕಮೆಂಟ್, ಸಬ್‌ಸ್ಕ್ರೈಬ್ ಮಾಡಿದ ಚಾನೆಲ್‌ಗಳ ಬಗ್ಗೆ ತಿಳಿಯುತ್ತದೆ. ನೋಡಿದ್ದರ ಪೂರ್ತಿ ಪಟ್ಟಿ ಅಲ್ಲ.

ಶೈಲಜಾ: ಅಷ್ಟೇನಾ? ನನಗೆ ಸಮಾಧಾನ ಇಲ್ಲ. 14 ಅಂದ್ರೆ ಇನ್ನೂ ಮಗುವೇ.

ಪ್ರಸನ್ನ: ನಿಮ್ಮ ಆತಂಕ ಅರ್ಥ ಆಗುತ್ತದೆ. ಆದರೆ ಅವಳ ಒಪ್ಪಿಗೆ ಇಲ್ಲದೆ ಇದು ನಡೆಯುವುದಿಲ್ಲ. ಹಾಗಾಗಿ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಜೋಡಿಸಿ.

ಸವಿತಾ: ಫೋನ್ ಆಯಿತು. ಪಿನ್ ಮಾಡಿ ಕೊಟ್ಟೆ, ಹೊರಗೆ ಬರಲು ಆಗಲಿಲ್ಲ ಅವನಿಗೆ. ಟಿವಿಯಲ್ಲೂ ಮೋಡ್ ಹಾಕಿದೆ, ಆದರೆ ರಿಮೋಟ್‌ನಲ್ಲಿ ತೆಗೆದುಬಿಟ್ಟ.

ಪ್ರಸನ್ನ: ಟಿವಿಯ ಯೂಟ್ಯೂಬ್‌ನಲ್ಲೇ ಅವನ ಕಿಡ್ಸ್ ಪ್ರೊಫೈಲ್ ಸೇರಿಸಬಹುದು. ಆದರೆ ದೊಡ್ಡವರ ಖಾತೆಗೋ, ಲಾಗಿನ್ ಇಲ್ಲದ ಯೂಟ್ಯೂಬ್‌ಗೋ ಅವನು ದಾಟದಂತೆ ತಡೆಯಬೇಕು. ನಿಮ್ಮ ಟಿವಿಯ ಸೆಟ್ಟಿಂಗ್ಸ್‌ನಲ್ಲಿ ಆ್ಯಪ್‌ಗೆ ಪಿನ್ ಹಾಕುವ ಅವಕಾಶ ಇದೆಯಾ ನೋಡಿ. ಇದ್ದರೆ ಯೂಟ್ಯೂಬ್‌ಗೇ ಬೀಗ ಹಾಕಿ. ನೀವು ತೆರೆದು ಕೊಟ್ಟಾಗ ಮಾತ್ರ ನೋಡಲಿ.

ಸವಿತಾ: ಪಿನ್ ಇದೆ. ಆದರೆ ಮಾವ ದಿನಾ ಮಧ್ಯಾಹ್ನ ಅದರಲ್ಲೇ ಯಕ್ಷಗಾನ ನೋಡುವುದು. ನಾವು ತೋಟದಲ್ಲಿ ಇರುತ್ತೇವೆ. ಅವರಿಗೆ ರಿಮೋಟ್‌ನಲ್ಲಿ ಅಂಕಿ ಒತ್ತುವುದು ಕಷ್ಟ, ಪಿನ್ ಹೇಳಿಕೊಟ್ಟರೆ ಮೊಮ್ಮಗನ ಕೈಲೇ ಒತ್ತಿಸುತ್ತಾರೆ.

ನಾಗರಾಜ: ನಮ್ಮನೆಯಲ್ಲೂ ಇದೇ ಕಥೆ. ಅಪ್ಪನಿಗೆ ಬೇಕಾದ ಪ್ರಸಂಗಗಳನ್ನು ಪೆನ್‌ಡ್ರೈವ್‌ಗೆ ಹಾಕಿಸಿ ಟಿವಿಗೆ ಸಿಕ್ಕಿಸಿದ್ದೇನೆ. ಹೊಸ ಆಟ ಬೇಕು ಅಂದಾಗ ಮಾತ್ರ ತಾಪತ್ರಯ.

ಸವಿತಾ: ಅದನ್ನು ಮಾಡಿ ನೋಡುತ್ತೇನೆ. ಮಾವ ಒಪ್ಪಬೇಕು ಅಷ್ಟೇ.