ರಸ್ತೆಗೆ ಬಿದ್ದ ಕರೆಂಟ್ ತಂತಿ: ಫೋನಿನಲ್ಲಿ ಏನು ಹೇಳಬೇಕು?

ಕೇಳಿದವರು, ನಿಟ್ಟುವಳ್ಳಿ, ದಾವಣಗೆರೆ: ಗಾಳಿ ಮಳೆಗೆ ನಮ್ಮ ಬೀದಿಯಲ್ಲಿ ಕರೆಂಟ್ ತಂತಿ ಕಡಿದು ರಸ್ತೆಗೆ ಬಿತ್ತು. ಫೋನ್ ಮಾಡಿ ಹೇಳಿದೆ, ಆದರೂ ಲೈನ್ ಆಫ್ ಆಗೋಕೆ ಬಹಳ ಹೊತ್ತು ಹಿಡೀತು. ಇಂಥ ಹೊತ್ತಲ್ಲಿ ಹೇಗೆ ತಿಳಿಸಬೇಕು, ಅವರು ಬರೋವರೆಗೂ ಏನು ಮಾಡಬೇಕು? ಅನುಭವ ಇದ್ದವರು ಹೇಳಿ.

ವಿದ್ಯಾನಗರದವರು: 1912ಕ್ಕೆ ಮಾಡಿ, ಜೊತೆಗೆ ನಿಮ್ಮ ಏರಿಯಾದ ಲೈನ್‌ಮನ್ ನಂಬರ್ರೂ ಇಟ್ಕೊಂಡಿರಿ. ಮನೆಗಳಲ್ಲಿ ಕರೆಂಟ್ ಹೋಗಿದ್ದರೆ ತಂತಿಯಲ್ಲೂ ಇರಲ್ಲ, ಗಾಬರಿ ಬೇಡ. ಒಣಗಿದ ಬಿದಿರುಗಳದಿಂದ ಪಕ್ಕಕ್ಕೆ ಸರಿಸಿದರಾಯ್ತು, ನಮ್ಮ ಕಡೆ ಹಾಗೇ ಮಾಡಿದ್ವಿ.

ಸಬ್‌ಸ್ಟೇಷನ್‌ನಲ್ಲಿ ಆಪರೇಟರ್ ಆಗಿದ್ದವರು, ನಿವೃತ್ತರು: ವಿದ್ಯಾನಗರದ ಅಣ್ಣಾರು ನಂಬರ್ ಇಟ್ಕೊಳ್ಳಿ ಅಂದಿದ್ದು ಸರಿ. ಉಳಿದದ್ದನ್ನು ದಯವಿಟ್ಟು ಯಾರೂ ಮಾಡಬೇಡಿ.

ತಂತಿ ನೆಲಕ್ಕೆ ಬಿದ್ದ ಕೂಡಲೇ ಸ್ಟೇಷನ್‌ನಲ್ಲಿ ಬ್ರೇಕರ್ ಟ್ರಿಪ್ ಆಗಿ ಲೈನ್ ಆಫ್ ಆಗುತ್ತದೆ ಅಂತ ಎಲ್ಲರೂ ನಂಬಿರುತ್ತಾರೆ. ಒದ್ದೆ ಮಣ್ಣಿಗೆ ಬಿದ್ದರೆ ಸಾಮಾನ್ಯವಾಗಿ ಆಗುತ್ತದೆ. ಒಣ ಡಾಂಬರು, ಕಾಂಕ್ರೀಟ್, ಜಲ್ಲಿ ಮೇಲೆ ಬಿದ್ದರೆ ನೆಲಕ್ಕೆ ಹರಿಯುವ ಕರೆಂಟ್ ತೀರಾ ಕಡಿಮೆ. ಬ್ರೇಕರ್‌ಗೆ ಟ್ರಿಪ್ ಆಗು ಅಂತ ಹೇಳುವ ರಿಲೇಗೆ ಅದು ಒಂದಿಷ್ಟು ಹೆಚ್ಚುವರಿ ಲೋಡ್ ಇದ್ದಂತೆ ಕಾಣುತ್ತದೆ, ಬ್ರೇಕರ್ ಹಾಗೇ ನಿಂತಿರುತ್ತದೆ. ಕಿಡಿಯಿಲ್ಲ, ಸದ್ದಿಲ್ಲ, ಆದರೂ ತಂತಿಯಲ್ಲಿ 11,000 ವೋಲ್ಟ್.

ಟ್ರಿಪ್ ಆದರೂ ನಿಶ್ಚಿಂತೆಯಿಲ್ಲ. ಮಳೆಗಾಲದಲ್ಲಿ ಕೊಂಬೆ ತಾಗಿ ಲೈನ್ ಹೋಗುವುದು ದಿನಾ ಇದ್ದದ್ದೇ. ಹಾಗಾಗಿ ಫೀಡರ್, ಅಂದರೆ ಸ್ಟೇಷನ್‌ನಿಂದ ಏರಿಯಾಗೆ ಹೊರಡುವ ಲೈನ್, ಹೋದರೆ ಆಪರೇಟರ್ ಸ್ವಲ್ಪ ತಡೆದು ಮತ್ತೆ ಚಾರ್ಜ್ ಮಾಡಿ ನೋಡುತ್ತಾನೆ. ತಂತಿ ಬಿದ್ದಿರುವುದು ಅವನಿಗೆ ಗೊತ್ತಿಲ್ಲದಿದ್ದರೆ, ನೀವು ‘ಕರೆಂಟ್ ಇಲ್ಲ’ ಅಂತ ಹತ್ತಿರ ಹೋದ ಹೊತ್ತಿಗೇ ಅದು ಬರಬಹುದು. ಅದಕ್ಕೇ ಫೋನಿನಲ್ಲಿ ಮೊದಲ ಮಾತು ‘ಕರೆಂಟ್ ಹೋಗಿದೆ’ ಅಂತ ಆಗಬಾರದು. ಹಾಗಂದರೆ ಮಾಮೂಲಿ ದೂರಿನ ಸಾಲಿಗೆ ಸೇರುತ್ತದೆ. ‘ತಂತಿ ಕಡಿದು ರಸ್ತೆಗೆ ಬಿದ್ದಿದೆ, ಜನ ಓಡಾಡ್ತಿದ್ದಾರೆ, ಫೀಡರ್ ಆಫ್ ಮಾಡಿಸಿ, ಮತ್ತೆ ಚಾರ್ಜ್ ಮಾಡಬೇಡಿ’ ಅನ್ನಿ.

ಕಂಬದ ತುದಿಯಲ್ಲಿ ದೊಡ್ಡ ಪಿಂಗಾಣಿಗಳ ಮೇಲಿರುವ ಮೂರು ತಂತಿಗಳಲ್ಲಿ ಒಂದು ಬಿದ್ದಿದ್ದರೆ ಅದು 11 ಕೆ.ವಿ. ಕೆಳಗಿನ ನಾಲ್ಕೈದು ತಂತಿಗಳದ್ದಾದರೆ ಮನೆಗಳಿಗೆ ಬರುವ ಲೈನ್. ದೂರದಿಂದಲೇ ನೋಡಿ ಹೇಳಿದರೆ ಯಾವುದನ್ನು ಆಫ್ ಮಾಡಬೇಕು ಅನ್ನುವುದು ಅವರಿಗೆ ಬೇಗ ತಿಳಿಯುತ್ತದೆ. ಗುರುತು ಸಿಗದಿದ್ದರೆ 11 ಕೆ.ವಿ. ಅಂತಲೇ ತಿಳಿಯಿರಿ. ಅದರ ಮುಂದೆ ಬಿದಿರೂ ಇಲ್ಲ, ರಬ್ಬರ್ ಚಪ್ಪಲಿಯೂ ಇಲ್ಲ.

ಅಂಗಡಿಯವರು, ಚಿತ್ರದುರ್ಗ: ನಮ್ಮ ಅಂಗಡಿ ಎದುರಿಗೇ ಹೀಗಾಗಿತ್ತು. ನಾನು ಫೋನ್ ಮಾಡಿದಾಗ ಆರ್.ಆರ್. ನಂಬರ್ ಕೇಳಿದರು. ರಸ್ತೆಗೆ ಎಲ್ಲಿಂದ ಬಂತು ಆರ್.ಆರ್. ನಂಬರ್? ಅಂಗಡಿಯ ಬಿಲ್ ನೋಡಿ ನಮ್ಮದನ್ನೇ ಕೊಟ್ಟೆ, ಅದರಿಂದ ಸೆಕ್ಷನ್ ಯಾವುದು ಅಂತ ಅವರಿಗೆ ಸಿಕ್ಕಿತು. ಆಮೇಲೆ ಟ್ರಾನ್ಸ್‌ಫಾರ್ಮರ್, ಅಂದರೆ ಟಿ.ಸಿ. ಮೇಲೆ ಬಣ್ಣದಲ್ಲಿ ಬರೆದಿದ್ದ ಹೆಸರು, ನಂಬರ್ ಓದಿ ಹೇಳಿದೆ. ಲೈನ್‌ಮನ್ ಹುಡುಗ ‘ಅಕ್ಕಾ, ಟಿ.ಸಿ. ಹೇಳಿದ್ದಕ್ಕೆ ನೆಟ್ಟಗೆ ಬಂದೆ’ ಅಂದ. ದೂರಿನ ನಂಬರ್ ಬರೆದುಕೊಳ್ಳಿ, ಎರಡನೇ ಸಲ ಫೋನ್ ಮಾಡುವಾಗ ಮೊದಲಿಂದ ಕಥೆ ಹೇಳುವುದು ತಪ್ಪುತ್ತದೆ.

ಜನರನ್ನು ತಡೆಯುವುದೇ ಕಷ್ಟ. ನಾನು ಈ ಕಡೆ, ಪಕ್ಕದ ಹೋಟೆಲಿನವರು ಆ ಕಡೆ ನಿಂತೆವು. ಬೈಕಿನವರು ‘ಸೈಡಲ್ಲಿ ಹೋಗ್ತೀನಿ ಬಿಡ್ರಿ’ ಅಂತಾರೆ. ಒಂದು ಆಟೋ ತಿರುಗಿಸುವುದಕ್ಕೂ ಜಗಳ.

ಆಪರೇಟರ್ ಆಗಿದ್ದವರು: ನೀವು ತಡೆದದ್ದು ಒಳ್ಳೇದಾಯ್ತು ಅಕ್ಕಾರೆ. ಕನಿಷ್ಠ ಮೂವತ್ತು ಅಡಿ ದೂರ ಇರಲಿ, ನೀರು ನಿಂತಿದ್ದರೆ ಇನ್ನೂ ಹೆಚ್ಚು. ತಂತಿಯ ಸುತ್ತಲಿನ ನೆಲದಲ್ಲೂ ವೋಲ್ಟೇಜ್ ಇರುತ್ತದೆ. ದೊಡ್ಡ ಹೆಜ್ಜೆ ಇಟ್ಟರೆ ಒಂದು ಕಾಲಿಂದ ಇನ್ನೊಂದು ಕಾಲಿಗೆ ಕರೆಂಟ್ ಹರಿಯುತ್ತದೆ, ದನಗಳು ಸಾಯುವುದು ಹೀಗೇ. ಈಗಾಗಲೇ ಹತ್ತಿರ ಇದ್ದವರು ಎರಡೂ ಪಾದ ಕೂಡಿಸಿಕೊಂಡು, ನೆಲಕ್ಕೆ ಉಜ್ಜುತ್ತಾ ಚಿಕ್ಕ ಚಿಕ್ಕದಾಗಿ ಸರಿದು ಬರಬೇಕು. ಕಾರಿನ ಮೇಲೆ ಬಿದ್ದಿದ್ದರೆ, ಬೆಂಕಿ ಹತ್ತದ ಹೊರತು ಒಳಗಿನವರು ಇಳಿಯಬಾರದು.

ಕೆ.ಟಿ.ಜೆ. ನಗರದವರು: ನಮ್ಮ ಬೀದಿಯಲ್ಲಿ ತಂತಿ ಕಡಿದ ದಿನ ಫ್ರಿಜ್ಜು, ಟಿ.ವಿ. ಎರಡೂ ಸುಟ್ಟವು. ಬಲ್ಬು ಸಿಕ್ಕಾಪಟ್ಟೆ ಬೆಳಗಿ ಢಬ್ ಅಂತು. ಪರಿಹಾರ ಯಾರನ್ನ ಕೇಳಬೇಕು?

ಆಪರೇಟರ್ ಆಗಿದ್ದವರು: ಅದು ಬೇರೆ ವಿಷಯ, ಆದರೂ ಇಲ್ಲಿಗೆ ಸಂಬಂಧ ಇದೆ. ನಿಮ್ಮಲ್ಲಿ ಕಡಿದದ್ದು ನ್ಯೂಟ್ರಲ್ ಇರಬೇಕು. ಆಗ 230 ಬರಬೇಕಾದ ಮನೆಗೆ 400ರ ಹತ್ತಿರಕ್ಕೂ ಏರಬಹುದು. ನ್ಯೂಟ್ರಲ್ ತಾನೇ ಅಂತ ಆ ತಂತಿ ಮುಟ್ಟಿದರೂ ಅಪಾಯ, ಮನೆಗಳ ಲೋಡ್ ಮೂಲಕ ಅದಕ್ಕೂ ಕರೆಂಟ್ ಬಂದಿರುತ್ತದೆ. ಬಲ್ಬು ಹಾಗೆ ಬೆಳಗಿದರೆ ಮೊದಲು ಮೇನ್ ಸ್ವಿಚ್ ಆಫ್ ಮಾಡಿ. ಪರಿಹಾರಕ್ಕೆ ಸೆಕ್ಷನ್ ಆಫೀಸಿನಲ್ಲಿ ಬರೆದುಕೊಟ್ಟು, ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ.

ಕೆ.ಟಿ.ಜೆ. ನಗರದವರು: ಕೊಟ್ಟು ಸಹಿ ಹಾಕಿಸಿದ್ದೀನಿ. ಇನ್ನೂ ಏನೂ ಹೇಳಿಲ್ಲ.

ವಿದ್ಯಾನಗರದವರು: ಬಿದಿರಿನ ಮಾತು ವಾಪಸ್ ತಗೊಂಡೆ. ಆದರೆ ಮನೆ ಲೈನ್ ಅಂತ ಖಾತ್ರಿ ಇದ್ದರೆ ಟಿ.ಸಿ. ಫ್ಯೂಸ್ ನಾವೇ ಕಿತ್ತರೆ?

ಆಪರೇಟರ್ ಆಗಿದ್ದವರು: ಬೇಡ. ಲೋಡ್ ಇರುವಾಗ ಫ್ಯೂಸ್ ಎಳೆದರೆ ಮುಖಕ್ಕೇ ಕಿಡಿ ಹಾರುತ್ತದೆ, ಮೇಲ್ಗಡೆ 11 ಕೆ.ವಿ. ಜೀವಂತ ಇರುತ್ತದೆ. ಇನ್ವರ್ಟರ್ ಸರಿಯಾಗಿ ಜೋಡಿಸದ ಮನೆಯಿಂದ ವಾಪಸ್ ಕರೆಂಟ್ ಬಂದು ಲೈನ್‌ಮನ್‌ಗಳೇ ಸತ್ತಿದ್ದಾರೆ. ಅವರು ಬಂದು ಎಲ್.ಸಿ., ಅಂದರೆ ಲೈನ್ ಆಫ್ ಮಾಡಿದೆ ಅಂತ ಸ್ಟೇಷನ್ ಕೊಡುವ ಲೈನ್ ಕ್ಲಿಯರ್, ತಗೊಂಡು, ಲೈನನ್ನು ಅರ್ಥ್ ಮಾಡಿದ ಮೇಲೆಯೇ ಮುಟ್ಟುತ್ತಾರೆ.

ಕೇಳಿದವರು: ನಾನು ‘ಕರೆಂಟ್ ಹೋಗಿದೆ, ತಂತಿನೂ ಬಿದ್ದಿದೆ’ ಅಂದಿದ್ದೆ, ತಡವಾಗಿದ್ದು ಅದಕ್ಕೇ ಇರಬಹುದು. ನಮ್ಮ ಬೀದಿಯ ಟಿ.ಸಿ. ಮೇಲೆ ನಂಬರೇ ಅಳಿಸಿಹೋಗಿದೆ. ಬಣ್ಣ ಹೊಡೆಸಿ ಅಂತ ಅರ್ಜಿ ಕೊಡಬೇಕಾ, ಬಾಯಲ್ಲಿ ಹೇಳಿದರೆ ಆಗುತ್ತಾ?