ಸಹಾಯ ಬೇಕು: ಎಐ ತಿದ್ದಿದ ಫೋಟೋ ರಿಪೋರ್ಟಿಗೆ ಹಾಕಬಹುದಾ ಸರ್?

ನಮಸ್ಕಾರ ಸರ್. ನಾನು ಸಿವಿಲ್ ಕೊನೇ ವರ್ಷದ ವಿದ್ಯಾರ್ಥಿ. ಪ್ರಾಜೆಕ್ಟ್ ರಿಪೋರ್ಟಿನ ಬಗ್ಗೆ ಒಂದು ಅನುಮಾನ ಇದೆ.

28 ದಿನ ಕ್ಯೂರಿಂಗ್ ಆದ 150 ಮಿ.ಮೀ. ಕಾಂಕ್ರೀಟ್ ಕ್ಯೂಬನ್ನು ಮಷಿನ್‌ನಲ್ಲಿ ಒಡೆದ ಮೇಲೆ ಮೊಬೈಲಿನಲ್ಲಿ ಫೋಟೋ ತೆಗೆದಿದ್ದೆ. ಲ್ಯಾಬಿನಲ್ಲಿ ಬೆಳಕು ಕಮ್ಮಿ, ಕೈಯೂ ಅಲ್ಲಾಡಿತ್ತು. ಎಐ ಆ್ಯಪಿಗೆ ಹಾಕಿ ಶಾರ್ಪ್ ಮಾಡಿದೆ. ನೋಡಲು ಚೆನ್ನಾಗೇ ಬಂತು. ಆದರೆ ಮೂಲ ಫೋಟೋ ಪಕ್ಕದಲ್ಲಿಟ್ಟು ಜೂಮ್ ಮಾಡಿದಾಗ ಎದೆ ಧಸಕ್ಕೆಂದಿತು. ಬಲ ಮೂಲೆಯಲ್ಲಿ ಬರೀ ಮಸುಕು ನೆರಳಿದ್ದ ಕಡೆ ಎರಡು ಕವಲಿನ ಬಿರುಕು ಹುಟ್ಟಿಕೊಂಡಿದೆ! ಮಾರ್ಕರಿನಲ್ಲಿ ಬರೆದಿದ್ದ ಕ್ಯೂಬ್ ನಂಬರ್ 3 ಈಗ 8ರ ಹಾಗೆ ಕಾಣುತ್ತಿದೆ.

ಕ್ಯೂಬ್ ಸರಿಯಾಗಿ ಒಡೆದಿದೆಯಾ ಅನ್ನುವುದನ್ನು ಬಿರುಕಿನ ಆಕಾರ ನೋಡಿಯೂ ಹೇಳುತ್ತೇವೆ ಅಲ್ವಾ ಸರ್? ಹಾಗಾಗಿ ಇದನ್ನು ಸುಮ್ನೆ ಹಾಕಲು ಮನಸ್ಸು ಒಪ್ಪುತ್ತಿಲ್ಲ. ಮತ್ತೆ ಫೋಟೋ ತೆಗೆಯೋಣ ಅಂದರೆ ಕ್ಯೂಬ್ ಆಗಲೇ ಕಸಕ್ಕೆ ಹೋಗಿದೆ.

ಮೂಲ ಫೋಟೋಗೇ ಬ್ರೈಟ್‌ನೆಸ್ ಮಾತ್ರ ಏರಿಸಿ, ಅಡಿಯಲ್ಲಿ ಹಾಗಂತ ಬರೆದು ಹಾಕಲಾ? ಅಥವಾ ಎರಡನ್ನೂ ಪಕ್ಕಪಕ್ಕ ಕೊಟ್ಟು, ಒಂದಕ್ಕೆ ‘ಎಐ ತಿದ್ದಿದ್ದು’ ಅಂತ ಬರೆದರೆ ನಡೆಯುತ್ತಾ? ಸೋಮವಾರ ಬೈಂಡಿಂಗಿಗೆ ಕೊಡಬೇಕು. ಅಷ್ಟರೊಳಗೆ ತಿಳಿಸಿ ಸರ್.